ಬೆನ್ನು, ಎದೆಯ ಮೊಡವೆ: ಬ್ಯಾಗಿನ ಪಟ್ಟಿಯಿಂದ ಚರ್ಮದ ಡಾಕ್ಟರ್ ತನಕ

ಮೊನ್ನೆ ಡಾಕ್ಟರ್ ನನ್ನ ಬೆನ್ನು ನೋಡಿ "ಇನ್ನು ಮೂರು ತಿಂಗಳು ಬಿಟ್ಟು ಬಾ, ಸಾಕು" ಅಂದರು. ಬೇಸಿಗೆಯಲ್ಲಿ ಶುರುವಾದದ್ದು ಇಲ್ಲಿಗೆ ಬಂದು ನಿಂತಿದೆ. ಮುಖದ ಮೊಡವೆ ಬಗ್ಗೆ ಕೇಳಿದರೆ ಯಾರು ಬೇಕಾದರೂ ಹೇಳುತ್ತಾರೆ. ಬೆನ್ನು, ಎದೆ, ಹೆಗಲಿನದ್ದು ಬಟ್ಟೆಯೊಳಗೇ ಉಳಿದುಬಿಡುತ್ತದೆ, ಯಾರ ಹತ್ತಿರ ಹೇಳೋದು ಅನ್ನೋದೇ ಗೊತ್ತಾಗೋದಿಲ್ಲ. ಅದಕ್ಕೇ ಎಲ್ಲವನ್ನೂ ನಡೆದ ಹಾಗೆ ಬರೆಯುತ್ತಿದ್ದೇನೆ.

ನಾನು ಹಾಸನದವಳು. ವಿಜಯನಗರದಲ್ಲಿ ಪಿಜಿ, ಕೆಲಸ ವೈಟ್‌ಫೀಲ್ಡ್ ಕಡೆ. ನೇರಳೆ ಮಾರ್ಗದ ಮೆಟ್ರೋದಲ್ಲಿ ಒಂದು ಗಂಟೆಗೂ ಜಾಸ್ತಿ. ಬ್ಯಾಗಿನಲ್ಲಿ ಲ್ಯಾಪ್‌ಟಾಪ್, ಅದರ ದಪ್ಪ ಚಾರ್ಜರ್, ಊಟದ ಡಬ್ಬಿ, ಲೀಟರ್ ನೀರು, ಸಂಜೆ ಜಿಮ್ಮಿನ ಬಟ್ಟೆ. ಮೆಜೆಸ್ಟಿಕ್ ಬರುವ ಹೊತ್ತಿಗೆ ಕಾಲಿಡಲು ಜಾಗ ಇರೋದಿಲ್ಲ, ಆಗ ಬ್ಯಾಗನ್ನು ಮುಂದಕ್ಕೆ ತಿರುಗಿಸಿ ಎದೆಗೆ ಒತ್ತಿಕೊಂಡು ನಿಲ್ಲಬೇಕು. ಇಳಿದ ಮೇಲೆ ಮತ್ತೆ ಬೆನ್ನಿಗೆ. ಸಂಜೆ ಜಿಮ್ಮಿನಲ್ಲಿ ಮೈಗೆ ಅಂಟುವ ಸಿಂಥೆಟಿಕ್ ಟಾಪು, ಒಳಗೆ ಬಿಗಿಯಾದ ಸ್ಪೋರ್ಟ್ಸ್ ಬ್ರಾ, ಅದೇ ಬೆವರಿನಲ್ಲಿ ಮೆಟ್ರೋ ಹತ್ತಿ ಮನೆಗೆ.

ಮಾರ್ಚ್ ಬಿಸಿಲು ಏರಿದ ಮೇಲೆ ಮೊದಲು ಹೆಗಲ ಮೇಲೆ ಗುಳ್ಳೆ ಬಂತು. ಆಮೇಲೆ ಬೆನ್ನಿನ ಮೇಲ್ಭಾಗ, ಆಮೇಲೆ ಎದೆಯ ನಡುವೆ. ಕೆಲವು ಕೆಂಪಗೆ ನೋಯುತ್ತಿದ್ದವು, ಕೆಲವು ಕೀವು ತುಂಬಿದ್ದವು, ಕೆಲವಕ್ಕೆ ಕಪ್ಪು ತಲೆ. ಬ್ಯಾಗ್ ಹಾಕಿಕೊಂಡಾಗ ಚುರ್ ಅನ್ನುತ್ತಿತ್ತು. ಅಂಗಾತ ಮಲಗೋದೂ ಕಷ್ಟ ಆಯಿತು. ತಂಗಿಯ ಮದುವೆಗೆ ಹೊಲಿಸಿದ್ದ ಬ್ಲೌಸಿನ ಬೆನ್ನು ಆಳ ಇತ್ತು, ಅದನ್ನು ನೋಡಿದಾಗಲೆಲ್ಲ ಅಳು ಬರುತ್ತಿತ್ತು. ಅಮ್ಮ ಫೋನಿನಲ್ಲಿ "ಉಷ್ಣ ಆಗಿದೆ ಕಣೇ, ಎಳನೀರು ಕುಡಿ, ತಲೆಗೆ ಎಣ್ಣೆ ಹಚ್ಚು" ಅಂದಳು. ಪಕ್ಕದ ರೂಮಿನವಳು ಬೆವರುಸಾಲೆ ಅಂದಳು, ಒರಟು ನಾರಿನಿಂದ ಚೆನ್ನಾಗಿ ಉಜ್ಜು ಅಂದಳು.

ಪಿಜಿ ಹತ್ತಿರದ ಒಂದು ಮೆಡಿಕಲ್ ಶಾಪಿನಲ್ಲಿ ಕೇಳಿದಾಗ ಚೀಟಿ ಗೀಟಿ ಏನೂ ಕೇಳದೆ ಒಂದು ಟ್ಯೂಬ್ ಕೊಟ್ಟರು. ಹಚ್ಚಿದ ಮೊದಲ ಕೆಲವು ದಿನ ಕೆಂಪು ಇಳಿದು ಹಾಯೆನಿಸಿತು. ಆಮೇಲೆ ಮೊದಲಿಗಿಂತ ಜಾಸ್ತಿ ಎದ್ದವು. ಈ ಟ್ಯೂಬಿನ ವಿಷಯ ಮುಂದೆ ಬರುತ್ತದೆ. ಡಬ್ಬಿಯನ್ನು ಎಸೆಯದೆ ಇಟ್ಟುಕೊಂಡದ್ದು ಬಹಳ ಉಪಯೋಗಕ್ಕೆ ಬಂತು.

ಚರ್ಮದ ಡಾಕ್ಟರ ಅಪಾಯಿಂಟ್‌ಮೆಂಟ್ ಸಿಗಲು ಒಂದು ವಾರ ಹಿಡಿಯಿತು. ಸಂಜೆ ಆರಕ್ಕೆ ಹೇಳಿದ್ದರು, ಒಳಗೆ ಕರೆದಾಗ ಎಂಟಾಗಿತ್ತು. ಫೀಸು 800 ರೂಪಾಯಿ. ನಮ್ಮ ಕಂಪನಿಯ ಇನ್ಶೂರೆನ್ಸ್ ಆಸ್ಪತ್ರೆಯಲ್ಲಿ ಅಡ್ಮಿಟ್ ಆದರೆ ಮಾತ್ರ ಹಣ ಕೊಡುತ್ತದೆ, ಹೀಗೆ ಬಂದು ತೋರಿಸಿಕೊಂಡು ಹೋದರೆ ಇಲ್ಲ. ಹಾಗಾಗಿ ಪೂರ್ತಿ ಖರ್ಚು ನನ್ನದೇ. ಕೈಯಲ್ಲಿ ದುಡ್ಡು ಕಮ್ಮಿ ಇದ್ದರೆ ದೊಡ್ಡ ಸರ್ಕಾರಿ ಆಸ್ಪತ್ರೆಯ ಚರ್ಮದ ಒಪಿಡಿಗೆ ಬೆಳಿಗ್ಗೆಯೇ ಹೋಗಿ ಚೀಟಿ ಮಾಡಿಸಿ. ಈ ಔಷಧಿಗಳು ಅಲ್ಲೂ ಬರೆದುಕೊಡುವಂಥವೇ.

ಹೋಗುವಾಗ ಮೂರು ವಿಷಯ ನೆನಪಿಡಿ. ಇಲ್ಲಿಯವರೆಗೆ ಹಚ್ಚಿದ, ನುಂಗಿದ ಎಲ್ಲದರ ಡಬ್ಬಿ ತೆಗೆದುಕೊಂಡು ಹೋಗಿ. ಕೆಟ್ಟದಾಗಿ ಎದ್ದ ದಿನದ ಫೋಟೋ ಇರಲಿ, ಯಾಕೆಂದರೆ ತೋರಿಸುವ ದಿನ ಅದು ಇಳಿದಿರಬಹುದು. ಹಿಂದೆ ಗುಂಡಿ ಅಥವಾ ಹಿಂದೆ ಪೂರ್ತಿ ಬಿಚ್ಚಿಕೊಳ್ಳುವ ಬಟ್ಟೆ ಹಾಕಿಕೊಳ್ಳಿ. ಹುಡುಗಿಯರಾದರೆ, ಡಾಕ್ಟರ್ ನೋಡುವಾಗ ಒಬ್ಬರು ನರ್ಸ್ ಜೊತೆಗಿರಲಿ ಅಂತ ಕೇಳಬಹುದು. ನಾನು ಕೇಳಿದೆ, ತಕ್ಷಣ ಕರೆದರು.

ಡಾಕ್ಟರ್ ವಯಸ್ಸಾದ ಹೆಂಗಸು. ಬೆನ್ನು ನೋಡಿದ ಮೇಲೆ ಅವರು ಕೇಳಿದ ಮೊದಲ ಮಾತು: "ಬ್ಯಾಗ್ ತಂದಿದ್ದೀಯಾ? ಹಾಕ್ಕೊಂಡು ತೋರಿಸಮ್ಮ." ಹಾಕಿಕೊಂಡೆ. ನನ್ನ ಫೋನಿನಲ್ಲೇ ಒಂದು ಫೋಟೋ, ಬ್ಯಾಗ್ ತೆಗೆದ ಮೇಲೆ ಬರಿ ಬೆನ್ನಿನ ಇನ್ನೊಂದು ಫೋಟೋ ತೆಗೆಸಿ ಎರಡನ್ನೂ ತೋರಿಸಿದರು. ಗುಳ್ಳೆಗಳು ಎಲ್ಲೆಂದರಲ್ಲಿ ಇರಲಿಲ್ಲ. ಪಟ್ಟಿ ಕೂರುವ ಎರಡು ಹೆಗಲು, ಬ್ಯಾಗಿನ ಮೆತ್ತೆ ಒತ್ತುವ ಮೇಲ್ಬೆನ್ನು, ಬ್ರಾ ಪಟ್ಟಿಯ ಗೆರೆ, ಇಷ್ಟರಲ್ಲೇ ದಟ್ಟವಾಗಿದ್ದವು. ಸೊಂಟದ ಹತ್ತಿರ ಒಂದೂ ಇಲ್ಲ. ಇದಕ್ಕೆ ಆಕ್ನೆ ಮೆಕ್ಯಾನಿಕಾ ಅನ್ನುತ್ತಾರಂತೆ. 1975ರಲ್ಲಿ ಮಿಲ್ಸ್ ಮತ್ತು ಕ್ಲಿಗ್ಮನ್ ಎಂಬ ಅಮೆರಿಕದ ಚರ್ಮತಜ್ಞರು ಈ ಹೆಸರಿನಲ್ಲಿ ಬರೆದರು. ಅಲ್ಲಿನ ಫುಟ್‌ಬಾಲ್ ಆಟಗಾರರು ಹೆಗಲಿಗೆ ಕಟ್ಟುವ ಗಟ್ಟಿ ಪ್ಯಾಡಿನ ಕೆಳಗೆ ಇದೇ ರೀತಿ ಮೊಡವೆ ಏಳುತ್ತವಂತೆ.

ಅವರು ವಿವರಿಸಿದ್ದು ಹೀಗೆ. ಮೈಯ ಕೂದಲಿನ ಸಣ್ಣ ರಂಧ್ರಗಳಲ್ಲಿ ಜಿಡ್ಡು ಮತ್ತು ಸತ್ತ ಚರ್ಮ ಸೇರಿ ಬಿರಡೆಯಂತೆ ಕೂತಿರುತ್ತದೆ, ಕಣ್ಣಿಗೆ ಕಾಣದಷ್ಟು ಚಿಕ್ಕದು. ಮೊಡವೆ ಬರುವ ಮೈಯಾದರೆ ಇದು ಮೊದಲೇ ಇರುತ್ತದೆ. ಬೆವರಿನಲ್ಲಿ ನೆಂದು ರಂಧ್ರದ ಬಾಯಿ ಊದಿಕೊಂಡು ಇನ್ನಷ್ಟು ಮುಚ್ಚುತ್ತದೆ. ಆ ಹೊತ್ತಿಗೇ ಮೇಲಿಂದ ಪಟ್ಟಿ ಒತ್ತಿ ಉಜ್ಜಿದರೆ ರಂಧ್ರದ ಗೋಡೆ ಒಳಗೇ ಒಡೆದು ಕೆಂಪು ಗುಳ್ಳೆ ಆಗುತ್ತದೆ. ಅಂದರೆ ಬೆವರು ಕೊಳೆ ಅಂತಲ್ಲ, ಬೆವರಿದ್ದಕ್ಕೇ ಮೊಡವೆ ಬಂತು ಅಂತಲೂ ಅಲ್ಲ. ಒದ್ದೆ ಬಟ್ಟೆ, ಶಾಖ, ಒತ್ತಡ, ಉಜ್ಜುವಿಕೆ ಒಟ್ಟಿಗೆ ಗಂಟೆಗಟ್ಟಲೆ ಇರುವುದು ತೊಂದರೆ. ನಾರಿನಿಂದ ಉಜ್ಜೋದು ಅದೇ ಏಟನ್ನು ಇನ್ನೊಮ್ಮೆ ಕೊಟ್ಟ ಹಾಗೆ ಅಂದರು. ಅಂದಿನಿಂದ ನಾರು ಬಂದ್.

ಆಮೇಲೆ ಮೆಡಿಕಲ್ ಶಾಪಿನ ಡಬ್ಬಿ ನೋಡಿದರು. ಸಣ್ಣ ಅಕ್ಷರದಲ್ಲಿ ಕ್ಲೋಬೆಟಾಸೋಲ್ ಅಂತಿತ್ತು, ಜೊತೆಗೆ ಒಂದು ಆಂಟಿಬಯೋಟಿಕ್ಕು, ಒಂದು ಶಿಲೀಂಧ್ರದ ಔಷಧಿ. ಕ್ಲೋಬೆಟಾಸೋಲ್ ತುಂಬಾ ಜೋರಾದ ಸ್ಟಿರಾಯ್ಡ್. ಹಚ್ಚಿದಾಗ ಕೆಂಪು ಇಳಿಯುತ್ತದೆ, ದಿನಾ ಹಚ್ಚುತ್ತಾ ಹೋದರೆ ಅದೇ ಮೊಡವೆ ತರುತ್ತದೆ, ಚರ್ಮ ತೆಳುವಾಗುತ್ತದೆ. ಕ್ಲೋಬೆಟಾಸೋಲ್, ಬೆಟಾಮೆಥಾಸೋನ್, ಮೊಮೆಟಾಸೋನ್, ಈ ಹೆಸರು ಇರುವ ಟ್ಯೂಬನ್ನು ಮೊಡವೆಗೆ ಅಂತ ಯಾರು ಕೊಟ್ಟರೂ ತೆಗೆದುಕೊಳ್ಳಬೇಡಿ.

ಬರೆದುಕೊಟ್ಟದ್ದು ಮೂರು: ಬೆಳಿಗ್ಗೆ ಬೆಂಜಾಯ್ಲ್ ಪೆರಾಕ್ಸೈಡ್ 5% ವಾಶ್, ರಾತ್ರಿ ಅಡಾಪಲೀನ್ 0.1% ಜೆಲ್, ಮತ್ತು ಡಾಕ್ಸಿಸೈಕ್ಲಿನ್ ಅನ್ನುವ ಆಂಟಿಬಯೋಟಿಕ್ ಮಾತ್ರೆ 100 ಮಿಲಿಗ್ರಾಂ ದಿನಕ್ಕೊಂದು. ಬರೆಯುವ ಮೊದಲು ಮುಟ್ಟು ಯಾವಾಗ ಆಯಿತು, ಗರ್ಭಿಣಿ ಆಗುವ ಯೋಚನೆ ಇದೆಯಾ ಅಂತ ಕೇಳಿದರು. ಡಾಕ್ಸಿಸೈಕ್ಲಿನ್ನೂ ಅಡಾಪಲೀನೂ ಗರ್ಭಿಣಿಯರಿಗೆ ಕೊಡೋದಿಲ್ಲ. ಕೇಳದಿದ್ದರೆ ನೀವೇ ಹೇಳಿ. ಎದೆ ಮತ್ತು ಹೆಗಲು ಗಾಯದ ಗುರುತು ದಪ್ಪಗೆ ಉಬ್ಬಿ ಬೆಳೆಯುವ ಜಾಗ, ಅದಕ್ಕೆ ಕೆಲಾಯ್ಡ್ ಅನ್ನುತ್ತಾರೆ, ಹಾಗಾಗಿ ಹಿಸುಕಲೇಬೇಡ ಅಂತಲೂ ಎಚ್ಚರಿಸಿದರು.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ಔಷಧಿ ಬರೆಸಿಕೊಳ್ಳೋದು ಸುಲಭ, ಅದು ಬೆನ್ನಿಗೆ ತಲುಪಬೇಕಲ್ಲ. ಮುಖಕ್ಕೆ ಹಚ್ಚುವ ಹಾಗೆ ಹಚ್ಚಿದರೆ ಬೆನ್ನಿಗೆ ಏನೂ ಆಗೋದಿಲ್ಲ. ತಲುಪದಿರಲು ಮೂರು ಕಾರಣ: ಸಮಯ ಸಾಲದು, ಪ್ರಮಾಣ ಸಾಲದು, ಕೈ ಎಟುಕದು.

ಸಮಯದ್ದು ವಾಶ್‌ನಲ್ಲಿ. ಸೋಪಿನಂತೆ ಹಚ್ಚಿ ತಕ್ಷಣ ನೀರು ಹುಯ್ದರೆ ಔಷಧಿ ಚರಂಡಿಗೆ ಹೋಗುತ್ತದೆ. ಹಚ್ಚಿ ಐದು ನಿಮಿಷ ಬಿಡಬೇಕು. ಪಿಜಿಯಲ್ಲಿ ಬಚ್ಚಲಿನ ಮುಂದೆ ಸಾಲು, ಹೊರಗಿನಿಂದ ಬಾಗಿಲು ಬಡಿಯುತ್ತಾರೆ. ನಾನು ಮಾಡಿಕೊಂಡ ಕ್ರಮ ಹೀಗೆ: ಮೊದಲು ತಲೆ ತೊಳೆದು ಕೂದಲನ್ನು ಮೇಲೆ ಕಟ್ಟಿಬಿಡೋದು, ಯಾಕೆಂದರೆ ಕಂಡಿಷನರ್ ಮತ್ತು ಎಣ್ಣೆ ಇಳಿದು ಬೆನ್ನಿನಲ್ಲೇ ಉಳಿಯುತ್ತದೆ. ಆಮೇಲೆ ಒದ್ದೆ ಬೆನ್ನಿಗೆ ವಾಶ್ ಹಚ್ಚಿ, ಆ ಐದು ನಿಮಿಷದಲ್ಲಿ ಹಲ್ಲುಜ್ಜಿ ಕಾಲು ತೊಳೆದುಕೊಳ್ಳೋದು. ಕೊನೆಗೆ ಚೊಂಬಿನಿಂದ ಧಾರಾಳ ನೀರು ಹುಯ್ಯೋದು, ಸ್ವಲ್ಪ ಉಳಿದರೂ ಉರಿಯುತ್ತದೆ. ಅಮ್ಮ ಹೇಳಿದ ತಲೆಯೆಣ್ಣೆಯನ್ನು ವಾರಕ್ಕೊಮ್ಮೆ, ತಲೆ ತೊಳೆಯುವ ಒಂದು ಗಂಟೆ ಮೊದಲು ಮಾತ್ರ ಹಚ್ಚಲು ಶುರುಮಾಡಿದೆ. ರಾತ್ರಿಯಿಡೀ ಎಣ್ಣೆ ಜಡೆ ಬೆನ್ನ ಮೇಲೆ ಬಿದ್ದಿರಬಾರದು.

ಯಾರೂ ಹೇಳದ ಒಂದು ವಿಷಯ: ಬೆಂಜಾಯ್ಲ್ ಪೆರಾಕ್ಸೈಡ್ ಬಟ್ಟೆಯ ಬಣ್ಣ ತಿನ್ನುತ್ತದೆ. ನನ್ನ ನೀಲಿ ಟವೆಲ್ಲಿನಲ್ಲಿ ಕಿತ್ತಳೆ ಬಣ್ಣದ ಕಲೆ ಬಿದ್ದಿವೆ, ಒಳ್ಳೆಯ ಕುರ್ತಾದ ಕುತ್ತಿಗೆಯೂ ಹೋಯಿತು. ಬಿಳಿ ಟವೆಲ್, ಬಿಳಿ ಬನಿಯನ್, ಬಿಳಿ ಹಾಸು ಬಳಸಿ.

ಪ್ರಮಾಣದ್ದು ಜೆಲ್‌ನಲ್ಲಿ. ತೋರುಬೆರಳಿನ ತುದಿಯಿಂದ ಮೊದಲ ಗೆರೆವರೆಗೆ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಅದು ಬೆರಳು ಸಮೇತ ಎರಡು ಅಂಗೈ ಅಗಲದ ಚರ್ಮಕ್ಕೆ ಸಾಕು. ನನ್ನ ಹೆಗಲು ಮತ್ತು ಮೇಲ್ಬೆನ್ನು ಸೇರಿ ಸುಮಾರು ಆರು ಅಂಗೈ ಅಗಲ. ಅಂದರೆ ಒಂದು ಸಲಕ್ಕೆ ಒಂದೂವರೆ ಗ್ರಾಂ, 15 ಗ್ರಾಂ ಟ್ಯೂಬು ಹತ್ತು ಸಲಕ್ಕೆ ಖಾಲಿ. ಮುಖಕ್ಕಾದರೆ ಅದೇ ಟ್ಯೂಬು ಒಂದು ತಿಂಗಳು ಬರುತ್ತದೆ. ಖರ್ಚು ಇಲ್ಲೇ ಏರೋದು. ದುಡ್ಡು ಉಳಿಸಲು ಗುಳ್ಳೆ ಇದ್ದ ಕಡೆ ಮಾತ್ರ ಚುಕ್ಕಿ ಇಟ್ಟರೆ ಉಪಯೋಗ ಇಲ್ಲ, ಅಡಾಪಲೀನ್ ಕೆಲಸ ಮಾಡೋದು ಇನ್ನೂ ಏಳದ ಬಿರಡೆಗಳ ಮೇಲೆ. ಡಾಕ್ಟರಿಗೆ ಹೇಳಿದಾಗ ದಿನ ಬಿಟ್ಟು ದಿನ ಹಚ್ಚಲು ಹೇಳಿದರು, ದೊಡ್ಡ ಟ್ಯೂಬು ಸಿಕ್ಕರೆ ಅದನ್ನೇ ತಗೋ ಅಂದರು. ಮೊದಲ ಎರಡು ಮೂರು ವಾರ ಚರ್ಮ ಒಣಗಿ ಸಿಪ್ಪೆ ಏಳುತ್ತದೆ, ಉರಿಯೂ ಇರುತ್ತದೆ, ದಿನ ಬಿಟ್ಟು ದಿನ ಹಚ್ಚಿದರೆ ಅದೂ ತಡೆದುಕೊಳ್ಳುವಷ್ಟಿರುತ್ತದೆ. ಟ್ರೈಫರೋಟೀನ್ ಅಂತ ಇನ್ನೊಂದು ಔಷಧಿ ಇದೆ, ಅಮೆರಿಕದಲ್ಲಿ 2019ರಲ್ಲಿ ಮುಖ ಮತ್ತು ಮೈ ಎರಡರ ಮೊಡವೆಗೂ ಅನುಮತಿ ಸಿಕ್ಕಿದ್ದು. ನನಗೆ ಅಡಾಪಲೀನೇ ಸಾಕು ಅಂದರು.

ಇನ್ನು ಕೈ ಎಟುಕದ ಜಾಗ, ಎರಡು ಹೆಗಲಮೂಳೆಯ ನಡುವೆ. ರೂಂಮೇಟ್ ಅಕ್ಕನನ್ನು ಕೇಳಲು ನಾಚಿಕೆಯಾಗಿ ಎಷ್ಟೋ ದಿನ ಸುಮ್ಮನಿದ್ದೆ. ಕೇಳಿದಾಗ "ಅಯ್ಯೋ, ಇಷ್ಟಕ್ಕಾ? ತಿರುಗು ಇಲ್ಲಿ" ಅಂದರು. ಅವರು ಊರಿಗೆ ಹೋದಾಗ ಲೋಷನ್ ಹಚ್ಚುವ ಉದ್ದ ಹಿಡಿಯ ಕೋಲು ತರಿಸಿಕೊಂಡೆ. ಅದರ ಸ್ಪಾಂಜು ಅರ್ಧ ಔಷಧಿ ಕುಡಿದುಬಿಡುತ್ತದೆ, ಸ್ಪಾಂಜಿನ ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ ಮೇಲೆ ಸರಿಹೋಯಿತು. ಒಬ್ಬರೇ ಇರುವವರಿಗೆ ಇದು ನಿಜವಾಗಿ ಬೇಕು.

ಡಾಕ್ಸಿಸೈಕ್ಲಿನ್ ಬಗ್ಗೆ: ಊಟ ಆದ ಮೇಲೆ ದೊಡ್ಡ ಲೋಟ ನೀರಿನಲ್ಲಿ ನುಂಗಬೇಕು, ನುಂಗಿ ಅರ್ಧ ಗಂಟೆಯಾದರೂ ಮಲಗಬಾರದು. ಗಂಟಲ ಕೆಳಗೆ ಅಂಟಿದರೆ ಅನ್ನನಾಳ ಹುಣ್ಣಾಗುತ್ತದೆ. ನಾನು ಕಬ್ಬಿಣದ ಮಾತ್ರೆ ತಗೊಳ್ಳುತ್ತಿದ್ದೆ, ಎರಡನ್ನೂ ಒಟ್ಟಿಗೆ ನುಂಗಿದರೆ ಡಾಕ್ಸಿ ಮೈಗೆ ಹತ್ತೋದಿಲ್ಲ, ಮಧ್ಯೆ ಕೆಲವು ಗಂಟೆ ಬಿಡು ಅಂದರು. ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ. ಹೆಚ್ಚೆಂದರೆ ಮೂರು ತಿಂಗಳು, ಅದೂ ಬೆಂಜಾಯ್ಲ್ ಪೆರಾಕ್ಸೈಡ್ ಜೊತೆಗೆ. ಮಾತ್ರೆ ಒಂದನ್ನೇ ನುಂಗುತ್ತಾ ಹೋದರೆ ಬ್ಯಾಕ್ಟೀರಿಯಾ ಅದಕ್ಕೆ ಬಗ್ಗದ ಹಾಗೆ ಆಗುತ್ತದೆ.

ಬ್ಯಾಗಿನ ಭಾರ ಇಳಿಸುವುದಕ್ಕೆ ಆಫೀಸಿನಲ್ಲಿ ಓಡಾಡಬೇಕಾಯಿತು. ಲ್ಯಾಪ್‌ಟಾಪ್ ಬಿಟ್ಟು ಹೋಗುವ ಹಾಗಿಲ್ಲ, ನಿಯಮ. ಮೇಜಿನಲ್ಲೇ ಇಡಲು ಇನ್ನೊಂದು ಚಾರ್ಜರ್ ಕೇಳಿದರೆ ಕಾರಣ ಬೇಕು, ಮ್ಯಾನೇಜರ್ ಒಪ್ಪಿಗೆ ಬೇಕು, ಡಾಕ್ಟರ ಚೀಟಿ ಬೇಕು. ಡಾಕ್ಟರ ಹತ್ತಿರ ಎರಡು ಸಾಲಿನ ಪತ್ರ ಬರೆಸಿಕೊಂಡು ಕೊಟ್ಟೆ, ಚಾರ್ಜರ್ ಬರಲು ವಾರಗಟ್ಟಲೆ ಹಿಡಿಯಿತು. ಮೊದಲ ಭೇಟಿಯಲ್ಲೇ ಈ ಪತ್ರ ಕೇಳಿ ತಗೊಳ್ಳಿ, ಮತ್ತೊಮ್ಮೆ ಫೀಸು ಕೊಡೋದು ತಪ್ಪುತ್ತದೆ. ನೀರಿನ ಬಾಟಲಿ ಖಾಲಿ ಒಯ್ದು ಆಫೀಸಿನಲ್ಲಿ ತುಂಬಿಸಿಕೊಳ್ಳುತ್ತೇನೆ. ಮೆಟ್ರೋದಲ್ಲಿ ಬ್ಯಾಗನ್ನು ಎದೆಗೆ ಒತ್ತಿಕೊಳ್ಳದೆ ಕಾಲ ಬಳಿ ಇಟ್ಟು ಹಿಡಿ ಹಿಡಿದುಕೊಳ್ಳುತ್ತೇನೆ. ಬ್ಯಾಗಿನ ಬೆನ್ನು ತಾಗುವ ಮೆತ್ತೆಯಲ್ಲಿ ಬೆವರಿನ ಉಪ್ಪು ಬಿಳಿ ಗೆರೆಯಾಗಿ ನಿಂತಿತ್ತು, ಅದನ್ನು ಈಗ ವಾರಕ್ಕೊಮ್ಮೆ ಒರೆಸುತ್ತೇನೆ. ಜಿಮ್ಮಿಗೆ ಸಡಿಲ ಟೀ ಶರ್ಟು, ಮುಗಿದ ತಕ್ಷಣ ಅಲ್ಲೇ ಸ್ನಾನ, ಆಗದಿದ್ದರೆ ಒದ್ದೆ ಬಟ್ಟೆಯಲ್ಲಿ ಒತ್ತಿ ಒರೆಸಿ ಒಣ ಬನಿಯನ್. ಹತ್ತಿ ಬಟ್ಟೆ ಯಾವಾಗಲೂ ಒಳ್ಳೆಯದು ಅಂತ ನಾವೆಲ್ಲ ನಂಬಿದ್ದೇವೆ, ಅಲ್ವಾ? ವ್ಯಾಯಾಮದಲ್ಲಿ ಹತ್ತಿ ಬೆವರು ಹೀರಿ ಒದ್ದೆಯಾಗೇ ಅಂಟಿಕೊಂಡಿರುತ್ತದೆ. ಬೇಗ ಆರುವ ಬಟ್ಟೆ, ಆದರೆ ಸಡಿಲವಾದದ್ದು, ನನಗೆ ಒಗ್ಗಿತು.

ಆರೇಳು ವಾರ ಕಳೆದಾಗ ಬೆನ್ನು ಇಳಿಯುತ್ತಾ ಬಂತು. ಎದೆ ಮಾತ್ರ ಕೆಟ್ಟಿತು. ರಾತ್ರಿ ನಿದ್ದೆ ಹಾಳಾಗುವಷ್ಟು ತುರಿಕೆ. ಔಷಧಿ ಬಿಟ್ಟುಬಿಡೋಣ ಅನ್ನಿಸಿತು, ತುಂಬಾ ಸೋತುಹೋಗಿದ್ದೆ. ಮತ್ತೆ ಹೋದಾಗ ಡಾಕ್ಟರ್ ದೀಪ ಹಿಡಿದು ನೋಡಿದರು. ಬೆನ್ನಿನಲ್ಲಿ ದೊಡ್ಡದು, ಚಿಕ್ಕದು, ಕಪ್ಪು ತಲೆ, ಬಿಳಿ ತಲೆ ಎಲ್ಲ ಬೆರೆತಿದ್ದವು. ಎದೆಯಲ್ಲಿ ಹೊಸದಾಗಿ ಎದ್ದವು ಎಲ್ಲ ಒಂದೇ ಅಳತೆ, ಸಾಸಿವೆಯಷ್ಟು, ಕಪ್ಪು ತಲೆ ಒಂದಕ್ಕೂ ಇಲ್ಲ, ಪ್ರತಿಯೊಂದೂ ತುರಿಸುತ್ತಿತ್ತು. ಒಂದೆರಡನ್ನು ಮೆಲ್ಲಗೆ ಕೆರೆದು ಗಾಜಿನ ಮೇಲಿಟ್ಟು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕೆಒಎಚ್ ಪರೀಕ್ಷೆ ಅನ್ನುತ್ತಾರೆ. ಅಲ್ಲೇ ಮಾಡಿದರು, ಕಾದದ್ದು ಅರ್ಧ ಗಂಟೆ. ಕಂಡದ್ದು ಮಲಸೀಜಿಯಾ ಅನ್ನುವ ಯೀಸ್ಟು, ಒಂದು ಬಗೆಯ ಶಿಲೀಂಧ್ರ. ಅದು ಎಲ್ಲರ ಮೈಮೇಲೂ ಇರುತ್ತದೆ, ಹಾಗಾಗಿ ಒಂದೆರಡು ಕಂಡರೆ ಲೆಕ್ಕವಿಲ್ಲ, ನನ್ನದರಲ್ಲಿ ರಾಶಿ ಇತ್ತು. ಬೆವರು ಮತ್ತು ಬಿಗಿ ಬಟ್ಟೆ ಅದಕ್ಕೂ ಇಷ್ಟ. ಬ್ಯಾಕ್ಟೀರಿಯಾವನ್ನು ತಗ್ಗಿಸುವ ಮಾತ್ರೆ ನುಂಗಿದರೆ ಅದಕ್ಕೆ ಜಾಗ ಸಿಕ್ಕಿ ಇನ್ನೂ ಹಬ್ಬುತ್ತದೆ.

ಡಾಕ್ಸಿಸೈಕ್ಲಿನ್ ನಿಲ್ಲಿಸಿದರು. ಎದೆಗೆ ಕೀಟೋಕೊನಜೋಲ್ 2% ಶಾಂಪೂ, ಅದೂ ಐದು ನಿಮಿಷ ಬಿಟ್ಟು ತೊಳೆಯೋದು. ಜೊತೆಗೆ ಲಿವರ್, ಹೃದಯದ ತೊಂದರೆ ಇಲ್ಲ ಅಂತ ಕೇಳಿ, ಬೇರೆ ಯಾವ ಮಾತ್ರೆ ತಗೊಳ್ಳುತ್ತಿದ್ದೇನೆ ಅಂತ ನೋಡಿ, ಕೆಲವು ದಿನ ಇಟ್ರಾಕೊನಜೋಲ್ ಕ್ಯಾಪ್ಸೂಲ್ ಊಟದ ಜೊತೆ. ಒಂದು ವಾರದಲ್ಲಿ ತುರಿಕೆ ನಿಂತಿತು. ಬೆನ್ನಿಗೆ ವಾಶ್ ಮತ್ತು ಜೆಲ್ ಹಾಗೇ ಮುಂದುವರಿದವು. ಹಾಗಾಗಿ ನಿಮ್ಮ ಗುಳ್ಳೆಗಳು ಒಂದೇ ಅಳತೆಯವಾಗಿದ್ದು ತುರಿಸುತ್ತಿದ್ದರೆ, ಅಥವಾ ಆಂಟಿಬಯೋಟಿಕ್ ಶುರುವಾದ ಮೇಲೆ ಹೆಚ್ಚಾದರೆ, ಕೆಒಎಚ್ ಪರೀಕ್ಷೆ ಮಾಡುತ್ತೀರಾ ಅಂತ ಕೇಳಿ.

ಮೂರು ತಿಂಗಳಾಗುವ ಹೊತ್ತಿಗೆ ಬೆನ್ನಿನಲ್ಲಿ ಹೊಸ ಗುಳ್ಳೆ ಏಳೋದು ಹೆಚ್ಚುಕಡಿಮೆ ನಿಂತಿತು. ಕಲೆಗಳು ಇವೆ, ಕಂದು ಬಣ್ಣದ್ದು. ನಮ್ಮ ಮೈಬಣ್ಣಕ್ಕೆ ಅವು ಮಾಸಲು ಎಷ್ಟೋ ತಿಂಗಳು ಹಿಡಿಯುತ್ತವೆ, ಬೆನ್ನಿನಲ್ಲಿ ಮುಖಕ್ಕಿಂತ ನಿಧಾನ. ಕಲೆ ಕಂಡು ಮೊಡವೆ ಹೋಗಿಲ್ಲ ಅಂತ ಔಷಧಿ ಬದಲಿಸಬೇಡಿ, ಕೈಯಾಡಿಸಿ ನೋಡಿ, ಸಪಾಟಾಗಿದ್ದರೆ ಅದು ಕಲೆ. ಈ ಔಷಧಿಗಳಿಗೆ ಬಗ್ಗದೆ ಆಳದಲ್ಲಿ ಗಂಟು ಗಂಟಾಗಿ ನೋಯುತ್ತಿದ್ದರೆ ಐಸೊಟ್ರೆಟಿನಾಯಿನ್ ಮಾತ್ರೆ ಇದೆಯಂತೆ. ಅದಕ್ಕೆ ರಕ್ತ ಪರೀಕ್ಷೆ ಬೇಕು. ಮಗುವಿಗೆ ದೊಡ್ಡ ತೊಂದರೆ ಆಗುವುದರಿಂದ ಅದನ್ನು ತಗೊಳ್ಳುವಾಗ, ಬಿಟ್ಟ ಮೇಲೆ ಒಂದು ತಿಂಗಳವರೆಗೂ ಗರ್ಭ ನಿಲ್ಲಲೇಬಾರದು. ನನಗೆ ಅದರ ಅಗತ್ಯ ಬೀಳಲಿಲ್ಲ.

ಈಗ ಅಡಾಪಲೀನ್ ವಾರಕ್ಕೆ ಎರಡು ರಾತ್ರಿ, ವಾಶ್ ಜಿಮ್ಮಿಗೆ ಹೋದ ದಿನ, ಎದೆಗೆ ಶಾಂಪೂ ವಾರಕ್ಕೊಮ್ಮೆ. ಮುಂದಿನ ಬೇಸಿಗೆಯವರೆಗೂ ಹೀಗೇ ಇರಲಿ ಅಂದಿದ್ದಾರೆ. ಮದುವೆಗೆ ಆ ಬ್ಲೌಸನ್ನೇ ಹಾಕಿಕೊಂಡೆ. ಕಲೆ ಕಂಡು ಒಬ್ಬರು ಅತ್ತೆ ಕೇಳಿದರು, ಅವರ ಮಗನಿಗೂ ಕಾಲೇಜು ಬ್ಯಾಗಿನಿಂದ ಹೆಗಲ ಮೇಲೆ ಹೀಗೇ ಆಗಿದೆಯಂತೆ. ಯಾವ ಟ್ಯೂಬು ಹಚ್ಚುತ್ತಿದ್ದಾನೆ ಅಂತ ಕೇಳಿ, ಡಬ್ಬಿಯ ಫೋಟೋ ಕಳಿಸಲು ಹೇಳಿದ್ದೇನೆ.